ಎಫ್‌ಒಬಿ, ಎಫ್‌ಸಿಎ, ಸಿಐಎಫ್: ವಿಜಯಪುರದ ಒಂದು ಕಂಟೇನರ್ ಒಣದ್ರಾಕ್ಷಿಗೆ ಯಾವ ಷರತ್ತು ಸರಿ?

ವಿಜಯಪುರದಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹೆಚ್ಚಿನವು ಒಣದ್ರಾಕ್ಷಿಯವು. ಪ್ರತಿ ಕಂಟೇನರ್‌ಗೂ ಎರಡು ಕಾಗದವನ್ನು ಅಕ್ಕಪಕ್ಕ ಇಟ್ಟುಕೊಂಡು ಒಂದು ಪುಟದ ಟಿಪ್ಪಣಿ ಬರೆಯುತ್ತೇನೆ. ಒಂದು ಕಾಗದ ಮಾರಾಟದ ಒಪ್ಪಂದ, ಇನ್ನೊಂದು ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಪಡೆದದ್ದಕ್ಕೆ ಹಡಗಿನ ಕಂಪನಿ ಕೊಡುವ, ನಾವು ದಿನಾ ಬಿಎಲ್ ಅನ್ನುವ ಕಾಗದ. ಒಪ್ಪಂದ ಇರುವುದು ನಿಮಗೂ ಕೊಳ್ಳುವವರಿಗೂ ನಡುವೆ. ಬಿಎಲ್ ಇರುವುದು ಸರಕಿನವರಿಗೂ ಹಡಗಿನ ಕಂಪನಿಗೂ ನಡುವೆ. ಒಂದು ಕಾಗದದಲ್ಲಿ ಏನಿದೆ ಅಂತ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಎರಡನ್ನೂ ಜೋಡಿಸಿ ಓದುವವರು ಯಾರೂ ಇಲ್ಲದಿದ್ದರೆ ಏನಾಗುತ್ತದೆ ಅಂತ ಒಂದು ಕಂಟೇನರ್‌ನ ಕತೆಯಿಂದಲೇ ಹೇಳುತ್ತೇನೆ. ಆಮೇಲೆ ಅದೇ ಕಂಟೇನರ್ ಅನ್ನು ಇನ್ನೆರಡು ಬೇರೆ ಷರತ್ತಿನಲ್ಲಿ ಕಳಿಸಿ ನೋಡೋಣ. ಯಾವುದನ್ನು ಆರಿಸಬೇಕು ಅನ್ನುವುದು ಹಾಗೆ ನೋಡಿದರೇ ತಿಳಿಯುವುದು.

ಸರಕು ತಿಕೋಟಾ ಕಡೆಯ ಒಬ್ಬ ವ್ಯಾಪಾರಿಯದು. 10 ಕಿಲೋದ 1,900 ಬಾಕ್ಸ್, ಕಿಲೋಗೆ 2 ಡಾಲರ್, ಒಟ್ಟು 38,000 ಡಾಲರ್. ಕೊಳ್ಳುವವರು ದುಬೈನವರು. ಒಪ್ಪಂದದಲ್ಲಿ "ಎಫ್‌ಒಬಿ ನ್ಹಾವಾ ಶೇವಾ, ಇನ್‌ಕೋಟರ್ಮ್ಸ್ 2020" ಅಂತ ಇತ್ತು. ನ್ಹಾವಾ ಶೇವಾ ಮುಂಬೈ ಹತ್ತಿರದ ಬಂದರು. ಇನ್‌ಕೋಟರ್ಮ್ಸ್ ಅಂದರೆ ಖರ್ಚು, ಹೊಣೆ ಎಲ್ಲಿಯವರೆಗೆ ಯಾರದು ಅಂತ ಹೇಳುವ ಅಂತರರಾಷ್ಟ್ರೀಯ ಮಾರಾಟದ ಷರತ್ತುಗಳು, ಎಫ್‌ಒಬಿ, ಎಫ್‌ಸಿಎ, ಸಿಐಎಫ್ ಮೂರೂ ಅದರವೇ. ಜೂನ್ 9ಕ್ಕೆ ವ್ಯಾಪಾರಿಯ ಗೋದಾಮಿನಲ್ಲೇ ಕಂಟೇನರ್ ತುಂಬಿ ಸೀಲ್ ಹಾಕಿದರು. ಗಾಡಿ ಸೊಲ್ಲಾಪುರ, ಪುಣೆ ದಾಟಿ ಜೂನ್ 11ಕ್ಕೆ ಬಂದರಿನ ಗೇಟಿನ ಒಳಗೆ ಹೋಯಿತು. ಹಡಗು ತಡವಾಯಿತು. ಕಂಟೇನರ್ 9 ದಿನ ಯಾರ್ಡಿನಲ್ಲಿ, ಮುಂಬೈನ ಜೂನ್ ಮಳೆಯಲ್ಲಿ ನಿಂತಿತ್ತು. ಹಡಗಿಗೆ ಏರಿದ್ದು ಜೂನ್ 20ಕ್ಕೆ. ಜೆಬೆಲ್ ಅಲಿ ಬಂದರು ಮುಟ್ಟಿದ್ದು ಜೂನ್ 25ಕ್ಕೆ. ಕೊಳ್ಳುವವರು ಅದನ್ನು ತಮ್ಮ ಗೋದಾಮಿಗೆ ಒಯ್ದದ್ದು ಜುಲೈ 1ಕ್ಕೆ. ಜುಲೈ 12ಕ್ಕೆ ಅವರ ಪತ್ರ ಬಂತು: 140 ಬಾಕ್ಸ್ ನೆನೆದಿವೆ, ಬೂಸಲು ಬಂದಿದೆ, 2,800 ಡಾಲರ್ ಕೊಡಿ.

ವ್ಯಾಪಾರಿ ಪತ್ರ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಸರ, ನಾ ಮಾಲು ಬಂದರಕ್ಕ ಮುಟ್ಟಿಸೀನಿ. ಗೇಟಿನ ಪಾವತಿ ಐತಿ. ಅಲ್ಲಿಗೆ ನಂದು ಮುಗೀತಲ್ರೀ?"

"ಮುಗಿದಿಲ್ರಿ ಕಾಕಾ," ಅಂದೆ. ಅವರಿಗೆ ನಂಬಿಕೆ ಬರಲಿಲ್ಲ.

ಎಫ್‌ಒಬಿಯಲ್ಲಿ ನಷ್ಟದ ಹೊಣೆ ಕೈ ಬದಲಾಗುವುದು ಬಂದರಿನ ಗೇಟಿನಲ್ಲಿ ಅಲ್ಲ. ಸರಕು ಹಡಗಿನ ಮೇಲೆ ಕೂತ ಗಳಿಗೆಯಲ್ಲಿ. ಆ ಗಳಿಗೆಯ ಸಾಕ್ಷಿ ಬಿಎಲ್ ಮೇಲಿನ "ಶಿಪ್ಡ್ ಆನ್ ಬೋರ್ಡ್" ಅನ್ನುವ ಮುದ್ರೆ ಮತ್ತು ಅದರ ಪಕ್ಕದ ದಿನಾಂಕ. ಬಿಎಲ್ ಕೊಟ್ಟ ದಿನಾಂಕ ಬೇರೆ ಇರಬಹುದು, ಹಾಗಾಗಿ ಅದನ್ನು ನೋಡಬೇಡಿ. ಇಲ್ಲಿ ಮುದ್ರೆಯಲ್ಲಿ ಜೂನ್ 20 ಇತ್ತು. ಅಂದರೆ ಯಾರ್ಡಿನ ಆ 9 ದಿನವೂ ಸರಕು ನಮ್ಮ ಕಾಕಾ ಅವರ ಹೊಣೆಯಲ್ಲೇ ಇತ್ತು. ಆದರೆ ಸರಕು ಅವರ ಕೈಯಲ್ಲಿ ಇರಲಿಲ್ಲ. ಹೋಗಿ ನೋಡುವ ಹಾಗಿಲ್ಲ, ತಾಡಪಾಲು ಹೊದಿಸುವ ಹಾಗಿಲ್ಲ. ಕಂಟೇನರ್ ಸರಕಿಗೆ ಎಫ್‌ಒಬಿ ಸರಿಹೊಂದುವುದಿಲ್ಲ, ಎಫ್‌ಸಿಎ ಬಳಸಿ ಅಂತ ಇನ್‌ಕೋಟರ್ಮ್ಸ್ ಬರೆದವರೇ ಹೇಳುವುದು ಇದೇ ಕಾರಣಕ್ಕೆ. ನಮ್ಮ ಕಡೆ ಮಾತ್ರ ಎಲ್ಲರೂ ರೂಢಿಯಿಂದ ಎಫ್‌ಒಬಿ ಅಂತಲೇ ಬರೆಯುತ್ತಾರೆ. ನಾನು "ಎಫ್‌ಒಬಿ ವಿಜಯಪುರ" ಅಂತಲೂ ಬರೆದದ್ದು ನೋಡಿದ್ದೇನೆ. ವಿಜಯಪುರಕ್ಕೆ ಹಡಗು ಬರುವುದಿಲ್ಲ ಅಲ್ವಾ? ಜಗಳ ಬಂದಾಗ ಅಂಥ ಮಾತಿಗೆ ಏನು ಅರ್ಥ ಅಂತ ಹೇಳುವುದೇ ಕಷ್ಟ.

ಇನ್ನು ನೀರು ಬಂದದ್ದು ಎಲ್ಲಿಂದ? ಇದು ಮುಖ್ಯ. ಹಡಗಿನ ಮೇಲೆ ಬಂದಿದ್ದರೆ ಹೊಣೆ ಕೊಳ್ಳುವವರದು, ಯಾರ್ಡಿನಲ್ಲಿ ಬಂದಿದ್ದರೆ ನಮ್ಮದು. ದುಬೈನಲ್ಲಿ ಸರಕಿನ ಹಾನಿ ಪರಿಶೀಲಿಸುವ ಸರ್ವೇಯರ್ ಎರಡು ಕೆಲಸ ಮಾಡಿದ್ದರು. ನೆನೆದ ರಟ್ಟಿನ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿ ಹಾಕಿದ್ದರು. ಸಮುದ್ರದ ನೀರಾಗಿದ್ದರೆ ಅದರ ಉಪ್ಪಿನಿಂದ ಹನಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಇಲ್ಲಿ ಆಗಲಿಲ್ಲ, ಅಂದರೆ ಸಿಹಿನೀರು. ಆಮೇಲೆ ಕಲೆ ಎಲ್ಲಿದೆ ಅಂತ ನೋಡಿದ್ದರು. ಕಂಟೇನರ್ ಒಳಗೆ ಬೆವರು ಕಟ್ಟಿದ್ದರೆ ಛಾವಣಿಯ ತುಂಬ ಹನಿ ಕೂತು ಮೇಲಿನ ಸಾಲಿನ ಬಾಕ್ಸ್‌ಗಳ ಮೇಲೆಲ್ಲ ಬೀಳುತ್ತದೆ. ಇಲ್ಲಿ ಒಂದೇ ಮೂಲೆಯಲ್ಲಿ, ಮೇಲಿಂದ ಕೆಳಗಿನವರೆಗೆ ಒಂದು ಪಟ್ಟಿಯ ಹಾಗೆ ನೆನೆದಿತ್ತು. ಆ ಮೂಲೆಯ ಛಾವಣಿಯಲ್ಲಿ ತುಕ್ಕು ತಿಂದ ಸಣ್ಣ ತೂತು ಸಿಕ್ಕಿತು. ಒಟ್ಟಿನಲ್ಲಿ ಅದು ಮಳೆಯ ನೀರು, ಹೆಚ್ಚಿನ ಮಟ್ಟಿಗೆ ಯಾರ್ಡಿನ ಮಳೆ.

ಆ ತೂತನ್ನು ಜೂನ್ 9ರಂದು ಗೋದಾಮಿನಲ್ಲೇ ಹಿಡಿಯಬಹುದಿತ್ತು. ಖಾಲಿ ಕಂಟೇನರ್ ಬಂದ ಕೂಡಲೇ ಒಬ್ಬರು ಒಳಗೆ ಹೋಗಬೇಕು, ಹೊರಗಿನವರು ಎರಡೂ ಬಾಗಿಲು ಮುಚ್ಚಬೇಕು. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅದೇ ತೂತು. ಎರಡು ನಿಮಿಷದ ಕೆಲಸ. ಕಂಡರೆ ಆ ಕಂಟೇನರ್ ವಾಪಸ್ ಕಳಿಸಿ, ಕಾಣದಿದ್ದರೆ ಒಳಗಿನ ಫೋಟೋ ತೆಗೆದಿಡಿ. ಬಿಎಲ್ ಮೇಲೆ "ಶಿಪ್ಪರ್ಸ್ ಲೋಡ್, ಸ್ಟೋ ಆಂಡ್ ಕೌಂಟ್" ಅಂತ ಅಚ್ಚಾಗಿರುತ್ತದೆ. ತುಂಬಿದ್ದೂ ಎಣಿಸಿದ್ದೂ ನೀವು, ಒಳಗೇನಿತ್ತು ಅಂತ ನಮಗೆ ಗೊತ್ತಿಲ್ಲ ಅಂತ ಹಡಗಿನವರು ಹೇಳುವ ಮಾತು ಅದು. ಆಗ ನಿಮ್ಮ ಫೋಟೋ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.

ಈಗ ಗಡುವಿನ ಮಾತು. ಒಪ್ಪಂದದಲ್ಲಿ "ಸರಕು ಬಂದ 14 ದಿನದ ಒಳಗೆ ಕ್ಲೇಮ್ ತಿಳಿಸಬೇಕು" ಅಂತ ಇತ್ತು. ಬಂದದ್ದು ಅಂದರೆ ಯಾವುದು? ಹಡಗು ಬಂದರಿಗೆ ಬಂದ ಜೂನ್ 25ರಿಂದ ಎಣಿಸಿದರೆ ಜುಲೈ 9ಕ್ಕೆ ಗಡುವು ಮುಗಿದಿತ್ತು, ಪತ್ರ ಮೂರು ದಿನ ತಡ. ಗೋದಾಮಿಗೆ ಬಂದ ಜುಲೈ 1ರಿಂದ ಎಣಿಸಿದರೆ ಜುಲೈ 15ರವರೆಗೆ ಸಮಯವಿತ್ತು, ಪತ್ರ ಸರಿಯಾದ ವೇಳೆಗೇ ಬಂದಿತ್ತು. ಎರಡು ಕಡೆಯವರೂ ತಮಗೆ ಬೇಕಾದ ಹಾಗೆ ಎಣಿಸಿದರು. ಕಡೆಗೆ ಅರ್ಧ ಅರ್ಧ ಅಂತ ಒಪ್ಪಿಕೊಂಡರು. ಕಾಕಾ 1,400 ಡಾಲರ್ ಬಿಟ್ಟುಕೊಟ್ಟರು. ಆ ಒಂದು ಪದವನ್ನು ಸರಿಯಾಗಿ ಬರೆಸದೇ ಇದ್ದದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ. ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಅದು ನನ್ನ ಕೈಗೂ ಬಂದಿತ್ತು.

ಇದು ಒಪ್ಪಂದದ ಗಡುವು. ಹಡಗಿನವರ ಮೇಲಿನ ಗಡುವು ಬೇರೆಯೇ. ಭಾರತದ ಬಂದರಿನಿಂದ ಹೊರಡುವ ಬಿಎಲ್‌ಗೆ ಸಮುದ್ರ ಸರಕು ಸಾಗಣೆಯ ಕಾಯ್ದೆ ಅನ್ವಯಿಸುತ್ತದೆ. 1925ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ, ಗಡುವುಗಳು ಮೊದಲಿನ ಹಾಗೇ ಇವೆ. ಹಾನಿ ಕಣ್ಣಿಗೆ ಕಾಣುವ ಹಾಗಿದ್ದರೆ ಸರಕು ತೆಗೆದುಕೊಳ್ಳುವಾಗಲೇ ಬರೆದು ತಿಳಿಸಬೇಕು. ಒಳಗೆ ಅಡಗಿದ್ದರೆ 3 ದಿನದ ಒಳಗೆ. ನಮ್ಮ ಕಂಟೇನರ್‌ಗೆ ಅದು ಜುಲೈ 4. ಕೊಳ್ಳುವವರು ಬರೆದಿರಲಿಲ್ಲ. ಹಾಗಂತ ಹಕ್ಕು ಹೋಗುವುದಿಲ್ಲ, ಆದರೆ ಸರಕು ಸರಿಯಾಗಿಯೇ ಮುಟ್ಟಿತು ಅಂತ ಮೊದಲ ನೋಟಕ್ಕೆ ನಂಬಲಾಗುತ್ತದೆ. ಸುಳ್ಳು ಅಂತ ತೋರಿಸುವ ಭಾರ ಕ್ಲೇಮ್ ಮಾಡಿದವರ ಮೇಲೆ ಬೀಳುತ್ತದೆ. ಕೈಗೆ ಕೊಡುವಾಗಲೇ ಇಬ್ಬರೂ ಸೇರಿ ಸರ್ವೇ ಮಾಡಿಸಿದ್ದರೆ ಈ ನೋಟಿಸೇ ಬೇಡ. ಆದರೆ ದಾವೆ ಹೂಡುವ ಗಡುವು ಕಠಿಣ: ಸರಕು ಕೈಗೆ ಕೊಟ್ಟ ದಿನದಿಂದ 1 ವರ್ಷ. ಸರಕು ಬರಲೇ ಇಲ್ಲ ಅಂದರೆ ಬರಬೇಕಿದ್ದ ದಿನದಿಂದ ಎಣಿಕೆ. ಹಡಗಿನವರು ಒಪ್ಪಿ ಮುಂದೂಡದಿದ್ದರೆ ಆಮೇಲೆ ಅವರ ಹೊಣೆಯೇ ಮುಗಿಯುತ್ತದೆ. ಹೆಚ್ಚೆಂದರೆ ನ್ಯಾಯಾಲಯ ಇನ್ನು 3 ತಿಂಗಳು ಕೊಡಬಹುದು. ಮಾತುಕತೆ ನಡೆದಿದೆ, ಇ-ಮೇಲ್ ಬರುತ್ತಿದೆ ಅಂತ ಸುಮ್ನೆ ಕೂತವರ ವರ್ಷ ಹಾಗೇ ಕಳೆದುಹೋಗುತ್ತದೆ.

ಈಗ ಅದೇ ಕಂಟೇನರ್ ಅನ್ನು ಬೇರೆ ಷರತ್ತಿನಲ್ಲಿ ಕಳಿಸೋಣ.

ಎಫ್‌ಸಿಎ ಆಗಿದ್ದರೆ

ಎಫ್‌ಸಿಎಯಲ್ಲಿ ಹೊಣೆ ಬದಲಾಗುವುದು ಕೊಳ್ಳುವವರು ಗೊತ್ತು ಮಾಡಿದ ಸಾಗಣೆದಾರರ ಕೈಗೆ ಸರಕು ಕೊಟ್ಟಾಗ. ಎಲ್ಲಿ ಕೊಡಬೇಕು ಅಂತ ಒಪ್ಪಂದದಲ್ಲಿ ಬರೆಯಬೇಕು. "ಎಫ್‌ಸಿಎ ವಿಜಯಪುರ, ಮಾರುವವರ ಗೋದಾಮು" ಅಂತ ಬರೆದರೆ ಕೊಳ್ಳುವವರ ಗಾಡಿಗೆ ಸರಕು ತುಂಬಿ ಮುಗಿಸಿದ ಕೂಡಲೇ ಹೊಣೆ ಅವರದು. "ಎಫ್‌ಸಿಎ ನ್ಹಾವಾ ಶೇವಾ, ಇಂಥ ಟರ್ಮಿನಲ್" ಅಂತ ಬರೆದರೆ ನಿಮ್ಮ ಗಾಡಿ ಅಲ್ಲಿಗೆ ಹೋಗಿ, ಇಳಿಸಲು ಸಿದ್ಧವಾಗಿ ಸಾಗಣೆದಾರರ ವಶಕ್ಕೆ ಸಿಕ್ಕಾಗ. ಎರಡನೆಯದಾಗಿದ್ದರೆ ನಮ್ಮ ಲೆಕ್ಕದಲ್ಲಿ ಜೂನ್ 11ಕ್ಕೇ ಹೊಣೆ ಬದಲಾಗುತ್ತಿತ್ತು. ಕಾಕಾ ತೋರಿಸಿದ ಗೇಟಿನ ಪಾವತಿಗೆ ಆಗ ನಿಜವಾಗಿಯೂ ಬೆಲೆ ಇರುತ್ತಿತ್ತು. ಯಾರ್ಡಿನ ಮಳೆ ಕೊಳ್ಳುವವರ ಪಾಲಿಗೆ ಹೋಗುತ್ತಿತ್ತು.

ತೊಡಕು ಒಂದಿದೆ. ಹಣ ಎಲ್‌ಸಿ, ಅಂದರೆ ಕಾಗದ ಸರಿಯಿದ್ದರೆ ಹಣ ಕೊಡುತ್ತೇವೆ ಅನ್ನುವ ಬ್ಯಾಂಕಿನ ಖಾತ್ರಿ ಪತ್ರದ ಮೂಲಕ ಬರುವುದಾದರೆ ಬ್ಯಾಂಕಿನವರು ಸಾಮಾನ್ಯವಾಗಿ ಶಿಪ್ಡ್ ಆನ್ ಬೋರ್ಡ್ ಬಿಎಲ್ ಕೇಳುತ್ತಾರೆ. ಎಫ್‌ಸಿಎಯಲ್ಲಿ ಸಾಗಣೆದಾರರನ್ನು ಗೊತ್ತು ಮಾಡುವುದು ಕೊಳ್ಳುವವರು, ಬಿಎಲ್ ನಿಮ್ಮ ಕೈಗೆ ಬರುವ ಖಾತ್ರಿ ಇಲ್ಲ. 2020ರ ಇನ್‌ಕೋಟರ್ಮ್ಸ್‌ನಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ: ಆನ್ ಬೋರ್ಡ್ ಬಿಎಲ್ ಅನ್ನು ಮಾರುವವರಿಗೆ ಕೊಡುವಂತೆ ಕೊಳ್ಳುವವರು ಸಾಗಣೆದಾರರಿಗೆ ಸೂಚಿಸಬೇಕು ಅಂತ ಇಬ್ಬರೂ ಒಪ್ಪಬಹುದು. ಆದರೆ ಅದು ತಾನಾಗಿ ಬರುವುದಿಲ್ಲ, ಒಪ್ಪಂದದಲ್ಲಿ ಒಂದು ಸಾಲು ಬರೆಯಬೇಕು. ಬಿಎಲ್‌ನಲ್ಲಿ ಶಿಪ್ಪರ್, ಅಂದರೆ ಸರಕು ಕಳಿಸುವವರು ಅನ್ನುವ ಜಾಗದಲ್ಲಿ ನಿಮ್ಮ ಹೆಸರೇ ಇರಬೇಕು ಅಂತಲೂ ಬರೆಸಿ.

ಇನ್ನೊಂದು ವಿಷಯ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ವಿಜಯಪುರದಿಂದಲೇ ಸರಕು ತೆಗೆದುಕೊಂಡು ರಸ್ತೆ, ಹಡಗು ಎರಡಕ್ಕೂ ಸೇರಿ ಒಂದೇ ಮಲ್ಟಿಮೋಡಲ್ ದಾಖಲೆ ಕೊಟ್ಟರೆ ಅದಕ್ಕೆ 1993ರ ಮಲ್ಟಿಮೋಡಲ್ ಸಾಗಣೆ ಕಾಯ್ದೆ. ಅಲ್ಲಿ ಒಳಗಿನ ಹಾನಿ ತಿಳಿಸಲು 6 ದಿನ ಸಿಗುತ್ತದೆ, ಆದರೆ ದಾವೆಗೆ ಬರೀ 9 ತಿಂಗಳು. ಕಾಗದದ ತಲೆಬರಹ ಓದದೆ "ಒಂದು ವರ್ಷ ಇದೆ" ಅಂದುಕೊಂಡವರಿಗೆ ಮೂರು ತಿಂಗಳು ಖೋತಾ.

ಸಿಐಎಫ್ ಆಗಿದ್ದರೆ

ಸಿಐಎಫ್ ಜೆಬೆಲ್ ಅಲಿ ಅಂದರೆ ಹಡಗಿನ ಬಾಡಿಗೆಯೂ ವಿಮೆಯೂ ಜೆಬೆಲ್ ಅಲಿವರೆಗೆ ನಿಮ್ಮದು. ಹಾಗಾದರೆ ಹೊಣೆಯೂ ಅಲ್ಲಿಯವರೆಗೆ ನಮ್ಮದೇ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಹೊಣೆ ಎಫ್‌ಒಬಿಯ ಹಾಗೇ ನ್ಹಾವಾ ಶೇವಾದಲ್ಲಿ ಹಡಗು ಏರಿದಾಗಲೇ ಬದಲಾಗುತ್ತದೆ. ಖರ್ಚು ಒಂದು ಊರಿನವರೆಗೆ, ಹೊಣೆ ಇನ್ನೊಂದು ಊರಿನವರೆಗೆ. ಟಿಪ್ಪಣಿಯಲ್ಲಿ ಇವೆರಡನ್ನು ಬೇರೆ ಬೇರೆ ಸಾಲಿನಲ್ಲೇ ಬರೆಯಿರಿ.

ಹಾಗಾದರೆ ಯಾರ್ಡಿನ 9 ದಿನ ಸಿಐಎಫ್‌ನಲ್ಲೂ ಕಾಕಾ ಅವರದೇ. ಆದರೆ ಒಂದು ವ್ಯತ್ಯಾಸ ಇದೆ, ವಿಮೆ ಇರುತ್ತದೆ. ಅದನ್ನು ವಿಜಯಪುರದ ಗೋದಾಮಿನಿಂದಲೇ ಶುರುವಾಗುವ ಹಾಗೆ ತೆಗೆದಿದ್ದರೆ ಯಾರ್ಡಿನ ದಿನಗಳೂ ಒಳಗೆ ಬರುತ್ತವೆ. ಇಲ್ಲೂ ಸಣ್ಣ ಅಕ್ಷರ ಓದಬೇಕು. ಸಿಐಎಫ್ ಕೇಳುವುದು ಕನಿಷ್ಠ ವಿಮೆ, ಅಂದರೆ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ 'ಸಿ', ಒಪ್ಪಂದದ ಬೆಲೆಯ 110 ಪ್ರತಿಶತಕ್ಕೆ. ಬೆಲೆ 40,000 ಡಾಲರ್ ಆದರೆ ವಿಮೆ 44,000ಕ್ಕೆ. 'ಸಿ'ಯಲ್ಲಿ ಬೆಂಕಿ, ಹಡಗು ಮುಳುಗುವುದು, ಡಿಕ್ಕಿ ಇಂಥ ದೊಡ್ಡ ಅನಾಹುತಗಳಿವೆ. ಮಳೆ ನೀರು ಇಲ್ಲ, ಕಳ್ಳತನವೂ ಇಲ್ಲ. 'ಬಿ'ಯಲ್ಲಿ ಸಮುದ್ರದ ನೀರು ನುಗ್ಗಿದ್ದಕ್ಕೆ ಸಿಗುತ್ತದೆ, ಮಳೆಗೆ ಆಗಲೂ ಸಿಗುವುದಿಲ್ಲ. ನಮ್ಮ 140 ಬಾಕ್ಸ್‌ಗೆ ದುಡ್ಡು ಸಿಗಬೇಕಿದ್ದರೆ 'ಎ' ಇರಬೇಕಿತ್ತು. ಒಣದ್ರಾಕ್ಷಿಗೆ 'ಎ' ಬಿಟ್ಟು ಬೇರೆ ತೆಗೆಯಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 'ಎ' ಇದ್ದರೂ, ತೇವ ಜಾಸ್ತಿ ಇರುವಾಗಲೇ ಪ್ಯಾಕ್ ಮಾಡಿ ಅದರಿಂದಲೇ ಬೂಸಲು ಬಂದರೆ ವಿಮೆಯವರು ಕೊಡುವುದಿಲ್ಲ. ಅದು ಸರಕಿನ ಒಳಗಿನ ದೋಷ. ಪ್ಯಾಕ್ ಮಾಡಿದ ದಿನದ ತೇವಾಂಶದ ಲ್ಯಾಬ್ ವರದಿ ಫೈಲಿನಲ್ಲಿ ಇರಲಿ.

ಸಿಐಎಫ್ ಅಂತ ಬರೆದು ಕೆಳಗೆ ಎಲ್ಲೋ "ತೂಕ ಮತ್ತು ಗುಣಮಟ್ಟ ಕೊಳ್ಳುವವರ ಗೋದಾಮಿನಲ್ಲಿ ಅಂತಿಮ" ಅಂತ ಸೇರಿಸುವುದೂ ಉಂಟು. ಆ ಒಂದು ಸಾಲು ಇದ್ದರೆ ಮೇಲಿನ ಸಿಐಎಫ್‌ನ ರಕ್ಷಣೆ ಬಹುಪಾಲು ಹೋಯಿತು. ದಾರಿಯಲ್ಲಿ ಆದದ್ದೆಲ್ಲ ಮತ್ತೆ ನಿಮ್ಮ ತಲೆಗೇ ಬರುತ್ತದೆ. ಟಿಪ್ಪಣಿ ಬರೆಯುವಾಗ ಮೂರು ಅಕ್ಷರ ನೋಡಿ ನಿಲ್ಲಿಸಬೇಡಿ, ಒಪ್ಪಂದದ ಕೊನೆಯ ಪುಟದವರೆಗೂ ಓದಿ.

ಬಾಡಿಗೆಯ ಸಾಲು

ಬಿಎಲ್ ಮೇಲೆ "ಫ್ರೈಟ್ ಪ್ರಿಪೇಯ್ಡ್" ಇದ್ದರೆ ಬಾಡಿಗೆ ಇಲ್ಲೇ ಕಟ್ಟಿದೆ, "ಫ್ರೈಟ್ ಕಲೆಕ್ಟ್" ಇದ್ದರೆ ಅಲ್ಲಿ ಕಟ್ಟುತ್ತಾರೆ. ಎಫ್‌ಒಬಿ, ಎಫ್‌ಸಿಎಗೆ ಕಲೆಕ್ಟ್ ಹೊಂದುತ್ತದೆ, ಸಿಐಎಫ್‌ಗೆ ಪ್ರಿಪೇಯ್ಡ್. ಒಪ್ಪಂದದಲ್ಲಿ ಸಿಐಎಫ್ ಇದ್ದು ಬಿಎಲ್‌ನಲ್ಲಿ ಕಲೆಕ್ಟ್ ಬಂದಿದ್ದರೆ ಯಾರೋ ತಪ್ಪಿದ್ದಾರೆ. ಕರಡು ಬಿಎಲ್ ಬಂದಾಗಲೇ ಹಿಡಿಯಿರಿ, ಮೂಲ ಪ್ರತಿ ಅಚ್ಚಾದ ಮೇಲೆ ತಿದ್ದಿಸುವುದು ದುಬಾರಿ.

ಕಲೆಕ್ಟ್ ಅಂತ ಇದೆ, ನಮಗೇನೂ ಸಂಬಂಧವಿಲ್ಲ ಅಂತ ಪೂರ್ತಿ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಬಿಎಲ್ ಹಿಂದಿನ ಷರತ್ತುಗಳಲ್ಲಿ "ಮರ್ಚೆಂಟ್" ಅನ್ನುವ ಪದಕ್ಕೆ ಅರ್ಥ ಕೊಟ್ಟಿರುತ್ತಾರೆ. ಶಿಪ್ಪರ್, ಸರಕು ಪಡೆಯುವವರು, ಬಿಎಲ್ ಹಿಡಿದವರು ಎಲ್ಲರೂ ಅದರಲ್ಲಿ ಬರುತ್ತಾರೆ. ಕೊಳ್ಳುವವರು ಕಂಟೇನರ್ ಬಿಡಿಸಿಕೊಳ್ಳದೆ ಹೋದರೆ ಬಾಡಿಗೆಗೂ, ಕಂಟೇನರ್ ತಡವಾದದ್ದಕ್ಕೆ ಹಾಕುವ ಡೆಮರೇಜ್, ಡಿಟೆನ್ಶನ್‌ಗೂ ಹಡಗಿನವರು ವಿಜಯಪುರದ ವಿಳಾಸಕ್ಕೇ ಬಿಲ್ ಕಳಿಸಬಹುದು. ಹಾಗಾಗಿ ಅಲ್ಲಿ ಎಷ್ಟು ದಿನ ಬಿಟ್ಟಿ ಇದೆ ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಬಾಡಿಗೆ ಏರುವ ಭಯವೂ ಸಿಐಎಫ್‌ನಲ್ಲಿ ನಿಮ್ಮದೇ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿ ಶುರುವಾಗಿ ಯುರೋಪಿನ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದಾಗ, ಹಳೆಯ ದರ ನಂಬಿ ಸಿಐಎಫ್ ಒಪ್ಪಿದ್ದವರ ಲಾಭ ಬಾಡಿಗೆಯಲ್ಲೇ ಹೋಯಿತು.

ಹಾಗಾದರೆ ಯಾವುದು?

ಹೊಸ ರಫ್ತುದಾರರಿಗೆ, ಮುಂಗಡ ಹಣ ಅಥವಾ ಗಟ್ಟಿ ಎಲ್‌ಸಿ ಇದ್ದರೆ, ನಾನು ಹೇಳುವುದು ಎಫ್‌ಸಿಎ ನ್ಹಾವಾ ಶೇವಾ ಟರ್ಮಿನಲ್, ಜೊತೆಗೆ ಆನ್ ಬೋರ್ಡ್ ಬಿಎಲ್‌ನ ಸಾಲು. ಗಾಡಿ ನಿಮ್ಮ ಹಿಡಿತದಲ್ಲಿ ಇರುತ್ತದೆ, ಯಾರ್ಡಿನ ಕಾಯುವಿಕೆ ನಿಮ್ಮದಲ್ಲ. ಹಣ ಸರಕು ಮುಟ್ಟಿದ ಮೇಲೆ ಬರುವುದಾದರೆ ಸಿಐಎಫ್, ಗೋದಾಮಿನಿಂದ 'ಎ' ವಿಮೆ ಸಮೇತ. ಹೊಣೆ ಕೊಳ್ಳುವವರದೇ ಆದರೂ ಸರಕು ಹಾಳಾದರೆ ಅವರು ಹಣ ತಡೆಹಿಡಿಯುತ್ತಾರೆ. ವಿಮೆ ನೀವೇ ತೆಗೆದಿದ್ದರೆ ಯಾವುದಕ್ಕೆ ರಕ್ಷಣೆ ಇದೆ ಅಂತಾದರೂ ನಿಮಗೆ ಗೊತ್ತಿರುತ್ತದೆ. ಎಫ್‌ಒಬಿ ಬಿಟ್ಟು ಬೇರೆಯದಕ್ಕೆ ಕೊಳ್ಳುವವರು ಒಪ್ಪುವುದೇ ಇಲ್ಲ ಅಂದರೆ ಗೋದಾಮಿನಿಂದ ಹಡಗು ಏರುವವರೆಗೆ ಬೇರೆ ವಿಮೆ ತೆಗೆಯಿರಿ, ಅವರ ವಿಮೆ ಆ ಭಾಗದಲ್ಲಿ ನಿಮ್ಮ ನಷ್ಟ ತುಂಬುವುದಿಲ್ಲ. ಅವರು ವಿಮೆ ತೆಗೆಯುವಷ್ಟು ಮೊದಲೇ ಸಾಗಣೆಯ ವಿವರವನ್ನೂ ತಿಳಿಸಿ. 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಹಾಗೆ ತಿಳಿಸದೇ ಇದ್ದಾಗ ಸಮುದ್ರದ ದಾರಿಯ ಹೊಣೆಯೂ ಮಾರಿದವರದೇ ಆಗುತ್ತದೆ.

ಕಾಕಾ ಅವರ ಮುಂದಿನ ಕಂಟೇನರ್ ಅದೇ ದುಬೈನವರಿಗೆ ಹೋಯಿತು. ಅದಕ್ಕೆ ನಾನು ಬರೆದ ಟಿಪ್ಪಣಿಯ ಸಾಲುಗಳು ಇವು:

> ಹೊಣೆ: ಎಫ್‌ಸಿಎ, ಟರ್ಮಿನಲ್ ಗೇಟಿನಲ್ಲಿ ಬದಲು. ಸಾಕ್ಷಿ: ಗೇಟಿನ ಪಾವತಿ.
> ಬಾಡಿಗೆ: ಕಲೆಕ್ಟ್. ಒಪ್ಪಂದಕ್ಕೂ ಬಿಎಲ್‌ಗೂ ತಾಳೆ ಇದೆ. ಶಿಪ್ಪರ್ ನಾವೇ, ಅಲ್ಲಿ ಬಿಟ್ಟಿ ದಿನ ಕೇಳಿ ಬರೆಯಬೇಕು.
> ಬ್ಯಾಂಕ್: ಎಲ್‌ಸಿ ಬೇರೆ ಹೇಳಿಲ್ಲ, ಹಡಗು ಏರಿದ 21 ದಿನದ ಒಳಗೆ ಕಾಗದ ಕೊಡಬೇಕು.
> ಕೊಳ್ಳುವವರ ಕ್ಲೇಮ್: ಟರ್ಮಿನಲ್‌ನಿಂದ ಕಂಟೇನರ್ ಹೊರಬಿದ್ದ ದಿನದಿಂದ 7 ದಿನ, ಸರ್ವೇ ವರದಿ, ಸೀಲಿನ ಫೋಟೋ ಸಮೇತ.
> ಹಡಗಿನವರ ಮೇಲೆ: ನೋಟಿಸ್ 3 ದಿನ, ದಾವೆ 1 ವರ್ಷ. ಕೊಳ್ಳುವವರಿಗೂ ಇ-ಮೇಲ್‌ನಲ್ಲಿ ತಿಳಿಸಿದೆ.
> ಕಂಟೇನರ್: ಬಾಗಿಲು ಮುಚ್ಚಿ ಬೆಳಕು ನೋಡಿದೆ.

ಕೊನೆಯ ಸಾಲಿನ ಪಕ್ಕ ಕಾಕಾ ಅವರದೇ ಸಹಿ ಇದೆ. ಆ ದಿನ ಒಳಗೆ ನಿಂತು ನೋಡಿದವರು ಅವರೇ. ಮೊದಲು ಬಂದ ಕಂಟೇನರ್‌ನಲ್ಲಿ ಬಾಗಿಲಿನ ರಬ್ಬರ್ ಹತ್ತಿರ ಒಂದು ಗೆರೆ ಬೆಳಕು ಕಂಡಿತು. ಅದನ್ನು ವಾಪಸ್ ಕಳಿಸಿ, ಮಾರನೇ ದಿನ ಬೇರೆ ತರಿಸಿ ತುಂಬಿದರು.